ಗೋಲದೊಳಗಿನ ಪೊಳ್ಳು ಒಂದು ಬದಿಗೆ ಸರಿದಿದ್ದರೆ, ಹೊರಮೈಯ ಆವೇಶವೂ ಆ ಬದಿಗೆ ಸರಿಯುತ್ತದೆಯೇ?

ಬನವಾಸಿ ರಸ್ತೆ (ಶಿರಸಿ, ಪಿಯು ಎರಡನೇ ವರ್ಷ)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರದ ಪರೀಕ್ಷೆಯಲ್ಲಿ ಬಂದ ಪ್ರಶ್ನೆಯಿದು. 10 ಸೆಂ.ಮೀ. ತ್ರಿಜ್ಯದ ಲೋಹದ ಗೋಲ, ಅದರ ಮೇಲೆ ಮೊದಲು ಯಾವ ಆವೇಶವೂ ಇಲ್ಲ. ಒಳಗೆ 3 ಸೆಂ.ಮೀ. ತ್ರಿಜ್ಯದ ಗುಂಡಗಿನ ಪೊಳ್ಳು ಇದೆ, ಆದರೆ ನಡುವಿನಲ್ಲಿ ಅಲ್ಲ. ಅದರ ಕೇಂದ್ರ ಗೋಲದ ಕೇಂದ್ರದಿಂದ 4 ಸೆಂ.ಮೀ. ಬಲಕ್ಕಿದೆ. ಪೊಳ್ಳಿನೊಳಗೆ +5 ನ್ಯಾನೋಕೂಲಾಂಬ್ ಆವೇಶ. ಅದೂ ಪೊಳ್ಳಿನ ನಡುವೆ ಇಲ್ಲ, ಇನ್ನೂ 1 ಸೆಂ.ಮೀ. ಬಲಕ್ಕಿದೆ. ಗೋಲದ ಹೊರಮೈಯಲ್ಲಿ ಆವೇಶ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಪ್ರಶ್ನೆ.

ನಾನು ‘ಎಲ್ಲ ಕಡೆ ಸಮ’ ಎಂದು ಗುರುತು ಹಾಕಿದೆ. ನಿಜ ಹೇಳಬೇಕೆಂದರೆ ಅದು ಊಹೆ. ಉತ್ತರಪಟ್ಟಿಯಲ್ಲಿ ‘ಬಲಬದಿಯಲ್ಲಿ ಹೆಚ್ಚು’ ಎಂದಿದೆ. ತರಗತಿಯಲ್ಲಿ ಉಪನ್ಯಾಸಕರನ್ನು ಕೇಳಿದರೆ, ಆವೇಶ ಬಲಕ್ಕಿದ್ದ ಮೇಲೆ ಬಲಕ್ಕೇ ಹೆಚ್ಚು ಇರಬೇಕಲ್ಲ, ಇದರಲ್ಲಿ ಕೇಳುವುದೇನಿದೆ ಎಂದರು. ನನಗೆ ಅಂಕಕ್ಕಿಂತ ಕಾರಣ ಬೇಕು. ಯಾರಾದರೂ ಬಿಡಿಸಿ ಹೇಳುತ್ತೀರಾ?

ಅಘನಾಶಿನಿ ದಂಡೆ (ಕುಮಟಾ)

ನಾನು ಬಿಎಸ್ಸಿ ಕೊನೆಯ ವರ್ಷ. ನಿಮ್ಮ ಉತ್ತರವೇ ಸರಿ, ಉತ್ತರಪಟ್ಟಿ ತಪ್ಪು. ಗಾಸ್ ನಿಯಮ ಹಾಕಿದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಲೋಹದ ಒಳಗೆ ಪೊಳ್ಳನ್ನು ಸುತ್ತುವರಿಯುವ ಹಾಗೆ ಒಂದು ಮೈ ಎಳೆಯಿರಿ. ಲೋಹದಲ್ಲಿ ಕ್ಷೇತ್ರ ಸೊನ್ನೆ, ಹಾಗಾಗಿ ಒಳಗಿನ ಒಟ್ಟು ಆವೇಶವೂ ಸೊನ್ನೆ. ಪೊಳ್ಳಿನ ಗೋಡೆಯ ಮೇಲೆ −5 ಕೂತಿದೆ. ಗೋಲ ಮೊದಲು ತಟಸ್ಥವಾಗಿತ್ತು, ಆದ್ದರಿಂದ ಹೊರಮೈಯಲ್ಲಿ +5 ಇರಲೇಬೇಕು. ಎರಡೂ ಮೈ ಗುಂಡಗಿವೆ, ಎರಡರಲ್ಲೂ ಸಮನಾಗಿ ಹರಡುತ್ತದೆ. ಒಳಗೆ ಚದರ ಸೆಂ.ಮೀ.ಗೆ 0.044, ಹೊರಗೆ 0.004 ನ್ಯಾನೋಕೂಲಾಂಬ್. ಅಷ್ಟೇ.

ಕಾಳಿ ಸೇತುವೆ (ಕಾರವಾರ)

ತಮ್ಮಾ, ಅರ್ಧ ಸರಿ. −5 ಮತ್ತು +5 ಎಂಬ ಮೊತ್ತ ಗಾಸ್ ನಿಯಮದಿಂದ ಬಂತು, ಒಪ್ಪಿದೆ. ಆದರೆ ಆ ನಿಯಮ ಮೊತ್ತವನ್ನಷ್ಟೇ ಹೇಳುತ್ತದೆ. ಎಲ್ಲಿ ಎಷ್ಟು ಕೂತಿದೆ ಎಂದು ಹೇಳುವುದಿಲ್ಲ. ಮನೆಗೆ ತಿಂಗಳಿಗೆ ಐದು ಸಾವಿರ ಖರ್ಚಾಯಿತು ಎಂದರೆ ಅದರಲ್ಲಿ ಮೀನಿಗೆಷ್ಟು, ತೆಂಗಿನಕಾಯಿಗೆಷ್ಟು ಎಂದು ತಿಳಿಯುತ್ತದೆಯೇ? ‘ಗುಂಡಗಿದೆ, ಆದ್ದರಿಂದ ಸಮ’ ಎಂದು ನೀನು ಸೇರಿಸಿದ್ದು ಗಾಸ್ ಅಲ್ಲ, ನಿನ್ನದೇ ಊಹೆ. ಹೊರಮೈಗೆ ಆ ಊಹೆ ಸರಿಹೋಗಿದೆ, ಒಳಮೈಗೆ ತಪ್ಪಿದೆ.

ಒಳಗಿನದನ್ನು ಲೆಕ್ಕ ಹಾಕಿಯೇ ನೋಡೋಣ. ಪೊಳ್ಳಿನ ತ್ರಿಜ್ಯ b, ಅದರ ಕೇಂದ್ರದಿಂದ ಆವೇಶ ಇರುವ ದೂರ d, ಆವೇಶದಿಂದ ಗೋಡೆಯ ಒಂದು ಬಿಂದುವಿಗೆ ಇರುವ ದೂರ r ಎಂದುಕೊಂಡರೆ, ಆ ಬಿಂದುವಿನಲ್ಲಿ ಆವೇಶದ ದಟ್ಟಣೆ

σ = −q(b² − d²) / (4πb·r³)

ಇಲ್ಲಿ b = 3, d = 1. ಹತ್ತಿರದ ಗೋಡೆಗೆ r = 2, ದೂರದ ಗೋಡೆಗೆ r = 4. ಬದಲಾಗುವುದು r³ ಒಂದೇ. ದೂರ ಎರಡು ಪಟ್ಟು, ಹಾಗಾಗಿ ದಟ್ಟಣೆಯಲ್ಲಿ ಎಂಟು ಪಟ್ಟು ವ್ಯತ್ಯಾಸ. ಹತ್ತಿರದ ಗೋಡೆಯ ಮೇಲೆ ಚದರ ಸೆಂ.ಮೀ.ಗೆ ಸುಮಾರು −0.133 ನ್ಯಾನೋಕೂಲಾಂಬ್, ಎದುರು ಗೋಡೆಯಲ್ಲಿ −0.0166. ನೀನು ಹೇಳಿದ 0.044 ಬರೀ ಸರಾಸರಿ.

ಒಳಗೆ ಇಷ್ಟು ಏರುಪೇರು ಇದ್ದೂ ಹೊರಗೆ ಎಲ್ಲ ಕಡೆ 0.004 ಎಂಬುದೇ ಇಲ್ಲಿನ ಸ್ವಾರಸ್ಯ. ಅದಕ್ಕೆ ಕಾರಣ ‘ಗುಂಡಗಿದೆ’ ಎನ್ನುವುದಷ್ಟೇ ಅಲ್ಲ. ಸಂಜೆ ಬರೆಯುತ್ತೇನೆ, ಈಗ ಕರೆಂಟು ಹೋಗುವ ಸೂಚನೆ ಇದೆ.

ಹಂಚಿನ ಮನೆ (ಅಂಕೋಲಾ)

ಈ ವಿಷಯವೇ ನಡೆದಿರುವುದರಿಂದ ಕೇಳುತ್ತೇನೆ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಂ ಎನ್ನುತ್ತದೆ. ಬರಿಗಾಲಿನಲ್ಲಿದ್ದರೆ ಹೆಚ್ಚು, ಚಪ್ಪಲಿ ಹಾಕಿದರೆ ಇಲ್ಲ. ಒಳಗೆ ಆವೇಶ, ಹೊರಗೆ ಲೋಹದ ಮೈ, ಹಾಗಾದರೆ ಇದೂ ಒಳಗಿನ ಆವೇಶ ಹೊರಮೈಗೆ ಬಂದು ಕೂತಿರುವುದೇ ಅಲ್ಲವೇ? ತಂಗಳು ಮೀನುಸಾರು ತೆಗೆಯಲು ಹೋದವಳು ನನ್ನ ಹೆಂಡತಿ, ಬೈಸಿಕೊಂಡವನು ನಾನು.

ಸೀಸದ ಹೊಗೆ (ಶಿರಸಿ, ರಿಪೇರಿ ಅಂಗಡಿ)

ಹಂಚಿನ ಮನೆಯವರೇ, ಮೊದಲು ಆ ಪ್ಲಗ್ ಕಿತ್ತಿಡಿ. ನಿಮ್ಮ ಅರ್ಥಿಂಗ್ ಕೈಕೊಟ್ಟಿದೆ. ಮೂರನೆಯ ದಪ್ಪ ಪಿನ್ನಿನ ತಂತಿ ಗೋಡೆಯ ಒಳಗೆ ಎಲ್ಲಿಗೂ ಸೇರಿರದ ಮನೆಗಳನ್ನು ನಾನು ತಿಂಗಳಿಗೆ ಎರಡಾದರೂ ನೋಡುತ್ತೇನೆ. ಕಂಪ್ರೆಸರಿನ ಸುರುಳಿಯಿಂದ ಸೋರಿಕೆಯೂ ಇರಬಹುದು. ವಯರ್‌ಮನ್‌ನನ್ನು ಕರೆದು ಎರಡನ್ನೂ ಮೀಟರ್ ಹಿಡಿದು ನೋಡಿಸಿ. ಟೆಸ್ಟರ್ ದೀಪ ಹೊತ್ತುವುದನ್ನು ನಂಬಬೇಡಿ, ಅದು ಯಾವುದಕ್ಕೂ ಹೊತ್ತುತ್ತದೆ.

ಆದರೆ ನಿಮ್ಮ ಹೋಲಿಕೆ ಪೂರ್ತಿ ಹುಚ್ಚಲ್ಲ. ಒಳಗೆ ಫೇಸ್ ತಂತಿ ಇದೆ, ಸುತ್ತ ಎಲ್ಲಿಗೂ ಸೇರಿರದ ತಗಡು ಇದೆ. ತಂತಿಯ ಮೇಲಿನ ಆವೇಶ ಸೆಕೆಂಡಿಗೆ 50 ಬಾರಿ ಅತ್ತಿತ್ತ ಆಗುವಾಗ ತಗಡಿನ ಹೊರಮೈಯೂ ಅದರ ಜೊತೆ ಕುಣಿಯುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕಾಲಿನ ಮೂಲಕ ಹೋಗುತ್ತದೆ. ಕಾಳಿ ಸೇತುವೆಯವರು ತಪ್ಪಿದ್ದರೆ ತಿದ್ದಬೇಕು.

ಕಾಳಿ ಸೇತುವೆ

ತಿದ್ದುವುದೇನಿಲ್ಲ. ಹಂಚಿನ ಮನೆಯವರು ಅದನ್ನು ಭೌತಶಾಸ್ತ್ರ ಎಂದುಕೊಂಡು ತಡಮಾಡದಿದ್ದರೆ ಸಾಕು.

ಈಗ ಶಿರಸಿಯ ತಂಗಿಗೆ. ಗೋಲವನ್ನು ಸದ್ಯಕ್ಕೆ ಮರೆತುಬಿಡಮ್ಮ. ಕಾಳಿ ನದಿಯಿಂದ ಗೋಕರ್ಣದವರೆಗೆ, ಅದರಾಚೆಗೂ, ಮೇಲೆ ಕೆಳಗೆ ಎಲ್ಲ ಕಡೆ ಕೊನೆಯಿಲ್ಲದೆ ಲೋಹವೇ ತುಂಬಿದೆ ಎಂದುಕೊ. ಅದರ ನಡುವೆ ಎಲ್ಲೋ ಒಂದು ಕಡೆ ನಿನ್ನ 3 ಸೆಂ.ಮೀ. ಪೊಳ್ಳು, ಅದರೊಳಗೆ +5. ಹೊರಮೈ ಎನ್ನುವುದೇ ಇಲ್ಲ, ಅಥವಾ ಲೆಕ್ಕಕ್ಕೆ ಸಿಗದಷ್ಟು ದೂರದಲ್ಲಿದೆ. ಗೋಡೆಯ ಮೇಲೆ −5 ಬಂದು, ಹತ್ತಿರ ಹೆಚ್ಚು, ದೂರ ಕಡಿಮೆ ಎಂದು ಕೂತಿದೆ. ಲೋಹದೊಳಗೆ ಎಲ್ಲೆಲ್ಲೂ ಕ್ಷೇತ್ರ ಸೊನ್ನೆ. ಹಾಗೆಂದರೆ ಏನಾಯಿತು? +5 ಮತ್ತು ಗೋಡೆಯ −5, ಇವೆರಡೇ ಸೇರಿ ಪೊಳ್ಳಿನ ಆಚೆಗೆ ಒಂದೊಂದು ಬಿಂದುವಿನಲ್ಲೂ ಪರಸ್ಪರ ಅಳಿಸಿಕೊಂಡಿವೆ. ಬೇರೆ ಯಾರ ಸಹಾಯವೂ ಬೇಕಾಗಲಿಲ್ಲ.

ಇನ್ನು ಆ ಎರಡನ್ನೂ ಇದ್ದಲ್ಲೇ ಬಿಟ್ಟು, ಸುತ್ತಲಿನ ಲೋಹವನ್ನು ಕಡಿದು 10 ಸೆಂ.ಮೀ. ಗೋಲವಾಗಿ ಉಳಿಸು. ಗೋಲ ತಟಸ್ಥವಾಗಿರಬೇಕು, ಹಾಗಾಗಿ +5 ಅನ್ನು ಎಲ್ಲಾದರೂ ಇಡಬೇಕು. ಅದು ಹೊರಮೈಗೆ ಹೋಗುತ್ತದೆ. ಹೋದ ಮೇಲೆ ಒಳಗಿನಿಂದ ಅದನ್ನು ಬಲಕ್ಕೆ ಎಳೆಯುವವರು ಯಾರು? ಯಾರೂ ಇಲ್ಲ. ಒಳಗಿನ ಜೋಡಿಯ ಕ್ಷೇತ್ರ ಅಲ್ಲಿಗೆ ತಲುಪುವ ಹೊತ್ತಿಗೆ ಸೊನ್ನೆ. ಹೊರಮೈಯ ಆವೇಶಕ್ಕೆ ಈ ಗೋಲ ಗಟ್ಟಿ ಗುಂಡಿನ ಹಾಗೆಯೇ. ಗಟ್ಟಿ ಗುಂಡಿನ ಮೇಲೆ ಅದು ಹೇಗೆ ಹರಡುತ್ತಿತ್ತೋ ಹಾಗೆ ಹರಡುತ್ತದೆ, ಅಂದರೆ ಸಮನಾಗಿ. ಹೀಗೆ ಜೋಡಿಸಿದ ಹಂಚಿಕೆಯಲ್ಲಿ ಲೋಹದೊಳಗೆ ಎಲ್ಲೂ ಕ್ಷೇತ್ರವಿಲ್ಲ, ಮೊತ್ತವೂ ಸರಿಯಾಗಿದೆ. ಆ ಎರಡು ಷರತ್ತಿಗೆ ಹೊಂದುವ ಹಂಚಿಕೆ ಒಂದೇ ಒಂದು, ಆದ್ದರಿಂದ ಇದೇ ಉತ್ತರ.

ಬನವಾಸಿ ರಸ್ತೆ

ಮಾಸ್ತರರೇ, ಕೊನೆಯಿಲ್ಲದ ಲೋಹದ ಮಾತು ಮೂರು ಸಲ ಓದಿದ ಮೇಲೆ ಹಿಡಿಯಿತು. ಹಾಗಾದರೆ ಗೋಲದ ಬದಲು ಮೊಟ್ಟೆಯಾಕಾರದ ಲೋಹ ಇದ್ದರೆ?

ಕಾಳಿ ಸೇತುವೆ

ಆಗ ಹೊರಗೆ ಸಮವಿರುವುದಿಲ್ಲ, ಚೂಪಾದ ತುದಿಗಳಲ್ಲಿ ಹೆಚ್ಚು ಸೇರುತ್ತದೆ. ಆದರೆ ಅದು ಮೊಟ್ಟೆಯ ಆಕಾರದಿಂದ. ಪೊಳ್ಳನ್ನು ಎಡಕ್ಕೆ ಒಯ್ದರೂ ಬಲಕ್ಕೆ ಒಯ್ದರೂ ಹೊರಗಿನ ಹಂಚಿಕೆ ಒಂದು ಕೂದಲೆಳೆಯೂ ಬದಲಾಗದು.

ಅಘನಾಶಿನಿ ದಂಡೆ

ಒಳಮೈ ವಿಷಯದಲ್ಲಿ ತಪ್ಪಿದೆ, ಒಪ್ಪುತ್ತೇನೆ. ಆದರೆ ಇದನ್ನು ಇಷ್ಟು ಉದ್ದ ಮಾಡುವ ಅಗತ್ಯವಿತ್ತೇ? ಒಳಗಿನ ಆವೇಶದ ಕ್ಷೇತ್ರವನ್ನು ಲೋಹ ತಡೆಯುತ್ತದೆ. 3 ಸೆಂ.ಮೀ. ದಪ್ಪ ಲೋಹ ದಾಟಿ ಅದು ಹೊರಗೆ ಬರಲಾರದು. ಆದ್ದರಿಂದ ಹೊರಗಿನವರಿಗೆ ಒಳಗಿನ ಸುದ್ದಿ ಇಲ್ಲ.

ಕಾಳಿ ಸೇತುವೆ

ನಾನು ಕೆಲಸದಲ್ಲಿದ್ದ ವರ್ಷಗಳಲ್ಲಿ ಅತಿ ಹೆಚ್ಚು ಅಳಿಸಿದ ಸಾಲು ಇದು. ಲೋಹ ಯಾವುದನ್ನೂ ತಡೆಯುವುದಿಲ್ಲ. +5ರ ಕ್ಷೇತ್ರ ಲೋಹವಿಲ್ಲದಿದ್ದರೆ ಎಲ್ಲೆಲ್ಲಿಗೆ ಹೋಗುತ್ತಿತ್ತೋ ಈಗಲೂ ಅಲ್ಲೆಲ್ಲ ಹೋಗುತ್ತದೆ. ಗೋಡೆಯ −5ರ ಕ್ಷೇತ್ರವೂ ಅಲ್ಲಿಗೇ ಹೋಗುತ್ತದೆ, ಎದುರು ದಿಕ್ಕಿನಲ್ಲಿ, ಅಷ್ಟೇ ಪ್ರಮಾಣದಲ್ಲಿ. ಎರಡೂ ಕೂಡಿದರೆ ಸೊನ್ನೆ. ಅದಕ್ಕೇ ಗೋಡೆಯ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಬಲಬದಿಯಲ್ಲಿ ನಿನ್ನ 3 ಸೆಂ.ಮೀ. ಲೋಹದ ಬದಲು ಚಾಕಲೇಟ್ ಸುತ್ತುವ ಹಾಳೆಯಷ್ಟು ತೆಳುವಿದ್ದರೂ ಇದೇ ಉತ್ತರ.

‘ಸುದ್ದಿ ಇಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಒಳಗೆ ಎಷ್ಟಿದೆ ಎಂಬ ಸುದ್ದಿ ಹೊರಗಿದೆ, +5 ಎಂದು ಹೊರಮೈ ಸಾರುತ್ತಿದೆ. ಹೊರಮೈಯ ಪಕ್ಕದಲ್ಲಿ ಮೀಟರಿಗೆ 4,500 ವೋಲ್ಟ್ ಕ್ಷೇತ್ರವಿದೆ, ಗೋಲ ನೆಲಕ್ಕಿಂತ 450 ವೋಲ್ಟ್ ಮೇಲಿದೆ. ಎಲ್ಲಿದೆ ಎಂಬ ಸುದ್ದಿ ಮಾತ್ರ ಇಲ್ಲ. ಹೊರಗೆ ಏನೂ ಕಾಣಬಾರದು ಎಂದರೆ ಗೋಲಕ್ಕೆ ಅರ್ಥಿಂಗ್ ಕೊಡಬೇಕು. ಆಗ ಹೊರಮೈಯ +5 ಹೋಗುತ್ತದೆ, ಒಳಗೋಡೆಯ −5 ಕದಲುವುದಿಲ್ಲ.

ಸೀಸದ ಹೊಗೆ

ಇಷ್ಟು ಲೆಕ್ಕ ನನಗೆ ಬರುವುದಿಲ್ಲ, ಆದರೆ ಇದನ್ನು ಕಣ್ಣಿನಿಂದ ನೋಡಿದ್ದೇನೆ. ಪಕ್ಕದ ಮನೆಯ ಹುಡುಗನ ವಿಜ್ಞಾನ ಪ್ರದರ್ಶನಕ್ಕೆಂದು ಮಾಡಿದ್ದು. ಒಂದು ತಾಮ್ರದ ಕೊಡ, ಅದರ ಕೆಳಗೆ ಥರ್ಮಾಕೋಲ್. ಕೊಡದ ಕುತ್ತಿಗೆಗೆ ಒಂದು ತಂತಿ ಸುತ್ತಿ, ಅದರ ತುದಿ ಹೊರಗೆ ಚಾಚಿ, ತುದಿಗೆ ಅಲ್ಯೂಮಿನಿಯಂ ಹಾಳೆಯ ಎರಡು ತೆಳು ಪಟ್ಟಿಗಳನ್ನು ಜೋಡಿಯಾಗಿ ನೇತುಹಾಕಿದೆವು. ಪಿವಿಸಿ ಪೈಪಿನ ತುದಿಯನ್ನು ಉಣ್ಣೆಯ ಶಾಲಿನಿಂದ ಉಜ್ಜಿ, ಯಾವ ಕಡೆಗೂ ತಾಗಿಸದೆ ಕೊಡದೊಳಗೆ ಇಳಿಸಿದರೆ ಪಟ್ಟಿಗಳು ಬಿರಿಯುತ್ತವೆ. ತೆಗೆದರೆ ಮುಚ್ಚುತ್ತವೆ. ಒಳಗೇ ಪೈಪನ್ನು ಈ ಗೋಡೆಯ ಹತ್ತಿರ, ಆ ಗೋಡೆಯ ಹತ್ತಿರ ಆಡಿಸಿದರೆ ಪಟ್ಟಿಗಳು ಕದಲಲೇ ಇಲ್ಲ. ಆಗ ಇದು ದೊಡ್ಡ ವಿಷಯ ಎಂದು ಗೊತ್ತಿರಲಿಲ್ಲ. ಪೈಪು ಸರಿಯಾಗಿ ಉಜ್ಜಿಲ್ಲ ಎಂದು ಹುಡುಗನಿಗೆ ಗದರಿದೆ.

ಮೊದಲ ಸಲ ಜುಲೈಯಲ್ಲಿ ಮಾಡಿ ಸೋತಿದ್ದೆವು. ಶಿರಸಿಯ ಮಳೆಯಲ್ಲಿ ಥರ್ಮಾಕೋಲಿನ ಮೇಲೂ ಪೈಪಿನ ಮೇಲೂ ತೇವದ ಪೊರೆ ಕೂರುತ್ತದೆ, ಆವೇಶ ಅದರ ಮೇಲೆ ಹರಿದುಹೋಗುತ್ತದೆ. ಪಟ್ಟಿ ಬಿರಿದ ಹಾಗೆ ಮಾಡಿ ಎರಡೇ ಕ್ಷಣದಲ್ಲಿ ಮುಚ್ಚಿಕೊಂಡರೆ ಅದು ತೇವ ಎಂದು ತಿಳಿಯಿರಿ. ಬಚ್ಚಲ ಒಲೆಯ ಹತ್ತಿರ ಅರ್ಧ ಗಂಟೆ ಇಟ್ಟು ಒಣಗಿಸಿದರೆ ಸ್ವಲ್ಪ ನಡೆಯುತ್ತದೆ. ಜನವರಿಯ ಮಧ್ಯಾಹ್ನವಾದರೆ ಚಿಂತೆಯಿಲ್ಲ.

ಕಾಳಿ ಸೇತುವೆ

ಸೀಸದ ಹೊಗೆಯವರೇ, ನೀವು ಗದರಿದ್ದು ಫ್ಯಾರಡೆಯ ಪ್ರಯೋಗಕ್ಕೆ. 1843ರಲ್ಲಿ ಅವನು ಮಂಜುಗಡ್ಡೆ ಇಡುವ ಲೋಹದ ಬಕೆಟ್ಟಿನೊಳಗೆ ರೇಷ್ಮೆ ದಾರದಲ್ಲಿ ಕಟ್ಟಿದ ಹಿತ್ತಾಳೆ ಗುಂಡನ್ನು ಇಳಿಸಿ ಇದನ್ನೇ ನೋಡಿದ. ಗುಂಡು ಸಾಕಷ್ಟು ಆಳಕ್ಕೆ ಹೋದ ಮೇಲೆ, ಹೊರಗೆ ಜೋಡಿಸಿದ ಚಿನ್ನದ ತಗಡಿನ ಎಲೆಗಳು ಇದ್ದಲ್ಲೇ ನಿಂತವು. ಗುಂಡು ತಳಕ್ಕೆ ತಾಗಿದಾಗಲೂ ಕದಲಲಿಲ್ಲ. ಹೊರಗೆ ಎತ್ತಿದರೆ ಗುಂಡಿನಲ್ಲಿ ಆವೇಶವೇ ಉಳಿದಿರಲಿಲ್ಲ.

ಬನವಾಸಿ ರಸ್ತೆ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ನಾನೂ ಮಾಡಿದೆ. ಕೊಡ ಕೊಡಲು ಅಜ್ಜಿ ಒಪ್ಪಲಿಲ್ಲ, ಅವಲಕ್ಕಿ ಹಾಕುವ ಎತ್ತರದ ಸ್ಟೀಲ್ ಡಬ್ಬಿ ಸಿಕ್ಕಿತು. ಪಟ್ಟಿಗಳು ಬಿರಿದವು. ಒಳಗೆ ಪೈಪು ಆಡಿಸಿದಾಗ ಕದಲಲಿಲ್ಲ, ಬಾಯಿಯ ಹತ್ತಿರ ತಂದಾಗ ಮಾತ್ರ ಕುಗ್ಗಿದವು.

ಆದರೆ ಎರಡು ಕಡೆ ಸಿಕ್ಕಿಕೊಂಡೆ. ಒಂದು, ಫ್ಯಾರಡೆಯ ಹಾಗೆ ತಳಕ್ಕೆ ತಾಗಿಸಿ ಪೈಪು ಹೊರತೆಗೆದರೆ ಪಟ್ಟಿಗಳು ಬಿರಿದೇ ಇರಬೇಕಿತ್ತು. ಮುಕ್ಕಾಲು ಭಾಗ ಮುಚ್ಚಿಕೊಂಡವು. ಎರಡು, ಪೈಪು ಒಳಗಿರುವಾಗ ಡಬ್ಬಿಯ ಹೊರಮೈಗೆ ಬೆರಳು ತಾಗಿಸಿದೆ, ಪಟ್ಟಿಗಳು ಮುಚ್ಚಿದವು. ಅದು ಸರಿ, ಅರ್ಥಿಂಗ್. ಬೆರಳು ತೆಗೆದೆ, ಆಗಲೂ ಮುಚ್ಚಿಯೇ ಇದ್ದವು. ಆಮೇಲೆ ಪೈಪು ಹೊರಗೆ ಎಳೆದರೆ ಪಟ್ಟಿಗಳು ಮತ್ತೆ ಬಿರಿದವು! ಆವೇಶ ಇದ್ದ ಪೈಪು ಹೊರಗೆ ಬಂತು, ಡಬ್ಬಿಯ ಆವೇಶ ಬೆರಳಿನಿಂದ ನೆಲಕ್ಕೆ ಹೋಗಿತ್ತು. ಮತ್ತೆ ಎಲ್ಲಿಂದ ಬಂತು?

ಅಘನಾಶಿನಿ ದಂಡೆ

ಪೈಪು ಎಳೆಯುವಾಗ ಬಾಯಿಯ ಅಂಚಿಗೆ ಉಜ್ಜಿರಬೇಕು. ಉಜ್ಜಿದರೆ ಹೊಸ ಆವೇಶ ಹುಟ್ಟುತ್ತದೆ.

ಬನವಾಸಿ ರಸ್ತೆ

ಇಲ್ಲ ಅಣ್ಣ, ಐದು ಸಲ ಮಾಡಿದೆ, ಅಂಚಿಗೆ ತಾಗಿಸಿಲ್ಲ. ಐದು ಸಲವೂ ಬಿರಿದವು.

ಕಾಳಿ ಸೇತುವೆ

ತಂಗಿ, ಎರಡನೆಯದನ್ನು ಮೊದಲು ನೋಡೋಣ. ಬೆರಳು ತಾಗಿಸಿದಾಗ ಹೋದದ್ದು ಹೊರಮೈಯದು ಮಾತ್ರ. ಉಣ್ಣೆಯಿಂದ ಉಜ್ಜಿದ ಪಿವಿಸಿ ಋಣ ಆವೇಶ ಪಡೆಯುತ್ತದೆ. ಪೈಪು ಋಣವಾದರೆ ಡಬ್ಬಿಯ ಒಳಗೋಡೆ ಧನ, ಹೊರಮೈ ಋಣ. ಬೆರಳಿನ ಮೂಲಕ ಹೊರಗಿನ ಋಣ ನೆಲಕ್ಕೆ ಹೋಯಿತು. ಒಳಗೋಡೆಯ ಧನ ಎಲ್ಲಿಗೂ ಹೋಗಲಿಲ್ಲ. ಪೈಪು ಅದನ್ನು ಹಿಡಿದಿಟ್ಟಿತ್ತು, ಎರಡೂ ಸೇರಿ ಹೊರಗೆ ಸೊನ್ನೆಯಾಗಿ ಕಂಡವು. ಬೆರಳು ತೆಗೆದೆ, ಡಬ್ಬಿ ಒಂಟಿಯಾಯಿತು, ಅದರ ಒಟ್ಟು ಲೆಕ್ಕ ಈಗ ಧನ. ಪೈಪು ಹೊರಗೆ ಹೋದಾಗ ಹಿಡಿದಿಡುವವರು ಇಲ್ಲ, ಪೊಳ್ಳಿನಲ್ಲಿ ಆವೇಶವಿಲ್ಲದ ಮೇಲೆ ಒಳಗೋಡೆಯಲ್ಲಿ ಏನೂ ಕೂರುವಂತಿಲ್ಲ. ಆ ಧನವೆಲ್ಲ ಹೊರಮೈಗೆ ಬಂತು, ಪಟ್ಟಿ ಬಿರಿಯಿತು.

ಪರೀಕ್ಷಿಸುವ ದಾರಿಯೂ ಇದೆ. ಪೈಪು ಒಳಗಿದ್ದು ಬಿರಿದಾಗ ಪಟ್ಟಿಗಳಲ್ಲಿರುವುದು ಋಣ. ಪೈಪು ಹೋದ ಮೇಲೆ ಬಿರಿದಾಗ ಧನ. ಇನ್ನೊಂದು ಉಜ್ಜಿದ ಪೈಪನ್ನು, ಪಟ್ಟಿ ಇಲ್ಲದ ಬದಿಯಿಂದ, ಡಬ್ಬಿಯ ಹೊರಗೆ ಹತ್ತಿರ ತಾ. ಅದು ಡಬ್ಬಿಯ ಎಲೆಕ್ಟ್ರಾನ್‌ಗಳನ್ನು ಪಟ್ಟಿಗಳ ಕಡೆಗೆ ತಳ್ಳುತ್ತದೆ. ಮೊದಲ ಸಂದರ್ಭದಲ್ಲಿ ಪಟ್ಟಿ ಇನ್ನಷ್ಟು ಬಿರಿಯಬೇಕು, ಎರಡನೆಯದರಲ್ಲಿ ಮೊದಲು ಕುಗ್ಗಬೇಕು.

ಮೊದಲನೆಯ ತೊಂದರೆ ನಿನ್ನದಲ್ಲ, ಪೈಪಿನದು. ಪಿವಿಸಿ ಅವಾಹಕ, ತಾಗಿದ ಒಂದೆರಡು ಚುಕ್ಕೆಗಳಲ್ಲಿದ್ದ ಆವೇಶವನ್ನಷ್ಟೇ ಬಿಟ್ಟುಕೊಡುತ್ತದೆ, ಉಳಿದದ್ದು ಅದರ ಜೊತೆಯೇ ಹೊರಗೆ ಬಂತು. ಫ್ಯಾರಡೆ ಹಿತ್ತಾಳೆ ಗುಂಡು ಬಳಸಿದ್ದು ಅದಕ್ಕೇ. ಕಾಗದದ ಉಂಡೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಣಗಿದ ನೈಲಾನ್ ದಾರದಲ್ಲಿ ಕಟ್ಟು. ಅದಕ್ಕೆ ಪೈಪಿನಿಂದ ಆವೇಶ ಕೊಟ್ಟು ಇಳಿಸು.

ಹಂಚಿನ ಮನೆ

ವಯರ್‌ಮನ್ ಬಂದಿದ್ದ. ಅರ್ಥ್ ತಂತಿ ಗೋಡೆಯೊಳಗೆ ತುಂಡಾಗಿತ್ತು, ಇಲಿ ಕೆಲಸ. ಈಗ ಜುಂ ಇಲ್ಲ. ಒಂದು ಮಾತು: ಸಿಡಿಲು ಬಂದಾಗ ಇಂಥ ಡಬ್ಬಿಯೊಳಗೆ ಮೊಬೈಲ್ ಇಟ್ಟರೆ ಉಳಿಯುತ್ತದೆಯೇ?

ಸೀಸದ ಹೊಗೆ

ಚಾರ್ಜರ್ ಕಿತ್ತಿಟ್ಟರೆ ಡಬ್ಬಿಯಿಲ್ಲದೆಯೂ ಉಳಿಯುತ್ತದೆ ಮಾರಾಯರೇ. ನನ್ನ ಅಂಗಡಿಗೆ ಬರುವ ಸಿಡಿಲಿನ ಮಾಲೆಲ್ಲ ತಂತಿಯ ದಾರಿಯಲ್ಲೇ ಸುಟ್ಟದ್ದು.

ಬನವಾಸಿ ರಸ್ತೆ

ಇವತ್ತು ಉಂಡೆಯಲ್ಲಿ ಮಾಡಿದೆ. ತಳಕ್ಕೆ ತಾಗಿಸಿದಾಗ ಪಟ್ಟಿ ಅಲ್ಲಾಡಲಿಲ್ಲ, ಉಂಡೆ ಎಳೆದ ಮೇಲೂ ಬಿರಿದೇ ಉಳಿಯಿತು. ಬೆರಳಿನ ಪ್ರಯೋಗದಲ್ಲಿ ಎರಡನೆಯ ಪೈಪು ತಂದಾಗ ಪಟ್ಟಿಗಳು ನೀವು ಹೇಳಿದಂತೆ ಮೊದಲು ಕುಗ್ಗಿದವು, ಇನ್ನೂ ಹತ್ತಿರ ತಂದರೆ ಮುಚ್ಚಿ ಮತ್ತೆ ಬಿರಿದವು.

ಡಬ್ಬಿಯನ್ನು ತರಗತಿಗೆ ಒಯ್ದಿದ್ದೆ. ಉಪನ್ಯಾಸಕರು ನೋಡಿದರು, ಪೈಪನ್ನು ತಾವೇ ಹಿಡಿದು ಒಳಗೆ ಆಡಿಸಿದರು. ಪಟ್ಟಿ ಕದಲದಿದ್ದರೆ ಮೊತ್ತ ಬದಲಾಗಿಲ್ಲ ಎಂದಷ್ಟೇ ಆಯಿತು, ಬಲಬದಿಯಲ್ಲಿ ಹೆಚ್ಚಿಲ್ಲ ಎಂದು ಹೇಗೆ ಹೇಳುತ್ತೀ ಎಂದು ಕೇಳಿದರು. ಪಟ್ಟಿ ಇರುವುದು ಒಂದೇ ಜಾಗದಲ್ಲಿ, ಅಲ್ಲಿ ಬದಲಾಗದಿದ್ದರೆ ಹಂಚಿಕೆಯೂ ಬದಲಾಗಿಲ್ಲ ಎಂದೆ. ಒಂದು ಜಾಗ ಸಾಲದು ಎಂದರು.

ಅಘನಾಶಿನಿ ದಂಡೆ

ಅವರು ಹೇಳಿದ್ದರಲ್ಲಿ ಹುರುಳಿದೆ. ಡಬ್ಬಿಯ ಸುತ್ತ ನಾಲ್ಕು ಕಡೆ ಪಟ್ಟಿ ಕಟ್ಟಿದರೆ?

ಕಾಳಿ ಸೇತುವೆ

ಕಟ್ಟಬಹುದು. ಆದರೆ ಎಚ್ಚರ, ಪಟ್ಟಿ ಹೆಚ್ಚಾಗಿ ತೋರಿಸುವುದು ಡಬ್ಬಿಯ ವೋಲ್ಟೇಜನ್ನು, ಅದು ಎಲ್ಲ ಕಡೆ ಒಂದೇ. ನಾಲ್ಕೂ ಒಂದೇ ಥರ ಬಿರಿದರೆ ಅದರಿಂದಲೇ ಹಂಚಿಕೆ ಸಮ ಎಂದು ಸಿದ್ಧವಾಗದು. ಸಣ್ಣ ನಾಣ್ಯಕ್ಕೆ ಪ್ಲಾಸ್ಟಿಕ್ ಹಿಡಿ ಅಂಟಿಸಿ, ಹೊರಮೈಗೆ ಒತ್ತಿ ತೆಗೆದು, ಬೇರೆ ಪಟ್ಟಿಜೋಡಿಗೆ ತಾಗಿಸಿ ಬಿಂದು ಬಿಂದುವಿನ ಆವೇಶ ನೋಡಬೇಕು. ಅಷ್ಟು ಕಡಿಮೆ ಆವೇಶ ಅಲ್ಯೂಮಿನಿಯಂ ಪಟ್ಟಿಯನ್ನು ಎತ್ತುತ್ತದೆಯೋ ಇಲ್ಲವೋ, ನಾನು ಮಾಡಿ ನೋಡಿಲ್ಲ.

ಸೀಸದ ಹೊಗೆ

ಪಟ್ಟಿ ಬೇಡ. ನನ್ನ ಬಳಿ ಹಳೆಯ ಬೋರ್ಡುಗಳಿಂದ ಕಿತ್ತ ಜೆಎಫ್‌ಇಟಿ ಎಂಬ ಟ್ರಾನ್ಸಿಸ್ಟರ್ ಇದೆ, ಅದರ ಗೇಟಿಗೆ ಸಣ್ಣ ತಂತಿ, ಜೊತೆಗೆ ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಬಾಚಣಿಗೆ ಒಂದು ಮಾರು ದೂರದಲ್ಲಿದ್ದರೂ ದೀಪ ಮಂಕಾಗುತ್ತದೆ. ಶನಿವಾರ ಅಂಗಡಿ ಕಡೆ ಬಾ ತಂಗಿ, ಡಬ್ಬಿಯನ್ನೂ ತಾ. ಮಳೆ ಇಲ್ಲದಿದ್ದರೆ ಮಾಡೋಣ.